ಐದರಿಂದ ಎಂಟು ವರ್ಷದ ಮಕ್ಕಳ ಹುಟ್ಟುಹಬ್ಬ: ತಟ್ಟೆ ಮೊದಲು, ಕೇಕ್ ಆಮೇಲೆ

«ಮಗಳಿಗೆ ಏಳು ತುಂಬ್ತದೆ. ಮೇ ಎರಡನೇ ಭಾನುವಾರ ಸಂಜೆ ಐದಕ್ಕೆ, ಕದ್ರಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಟೆರೇಸ್. ಮಕ್ಕಳು 18, ಎಲ್ಲ ಐದರಿಂದ ಎಂಟು ವರ್ಷದವರು, ದೊಡ್ಡವರು 15. ಮೆನು: ಗೋಳಿಬಜೆ, ಗೋಬಿ ಮಂಚೂರಿ, ವೆಜ್ ಪಲಾವ್, 3 ಕೆಜಿ ಕೇಕ್, ಗಡ್‌ಬಡ್. ಆರೂವರೆಗೆ ಕೇಕ್ ಕಟ್ ಮಾಡಿ ಆಮೇಲೆ ಊಟ. ಸಾಕಾಗ್ತದಾ?»

ಸಾಕಾಗುವುದು ಬಿಡಿ, ಅರ್ಧಕ್ಕರ್ಧ ಉಳೀತದೆ. ನಮ್ಮಲ್ಲಿಯೂ ಒಂದು ವರ್ಷ ಹೆಚ್ಚುಕಮ್ಮಿ ಇದೇ ಪಟ್ಟಿ ಇತ್ತು. ಪಲಾವಿನ ಪಾತ್ರೆ ಮುಚ್ಚಳ ತೆಗೆದ ಹಾಗೆಯೇ ವಾಪಸು ಬಂತು. ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ಮೊದಲು ಸಮಯ. ಐದಕ್ಕೆ ಬರುವ ಮಗು ಮಧ್ಯಾಹ್ನ ಒಂದಕ್ಕೆ ಊಟ ಮಾಡಿರ್ತದೆ, ಬರುವಾಗಲೇ ಹಸಿವು. ಅದನ್ನು ಒಂದೂವರೆ ಗಂಟೆ ಓಡಲು ಬಿಟ್ಟು ಆಮೇಲೆ ಕೇಕ್ ಕೊಟ್ಟರೆ ಆ ಸಿಹಿಯಲ್ಲೇ ಹೊಟ್ಟೆ ತುಂಬ್ತದೆ, ನಂತರ ನೀವು ಎಂತ ಇಟ್ಟರೂ ಮುಟ್ಟುವುದಿಲ್ಲ. ನಾನು ಹೇಳುವ ಕ್ರಮ ಇದು: ಐದಕ್ಕೆ ಬಂದವರು ಸ್ವಲ್ಪ ಆಡಲಿ, ಐದೂಕಾಲಕ್ಕೆ ಚಾಪೆ ಹಾಸಿ ಸಾಲಾಗಿ ಕೂರಿಸಿ ತಟ್ಟೆ ಕೊಡಿ. ಇಪ್ಪತ್ತು ನಿಮಿಷದಲ್ಲಿ ಮುಗೀತದೆ, ಅದಕ್ಕಿಂತ ಹೆಚ್ಚು ಈ ಪ್ರಾಯದವರು ಕೂರುವುದೇ ಇಲ್ಲ. ಮತ್ತೆ ಆಟ. ಆರೂಕಾಲಕ್ಕೆ ಕೇಕ್, ಅದರ ಬೆನ್ನಿಗೇ ಐಸ್‌ಕ್ರೀಂ. ಏಳಕ್ಕೆ ಮನೆಗೆ. ಮಕ್ಕಳಿಗೆ ಪ್ರತ್ಯೇಕ ರಾತ್ರಿ ಊಟ ಬೇಡವೇ ಬೇಡ.

ಮೇಲೆ ಒಬ್ಬರು ಕೇಕ್ ಮೊದಲೇ ಕಟ್ ಮಾಡಿ ಮುಗಿಸಿ ಅಂತ ಬರೆದಿದ್ದಾರೆ. ಅವರು ಹೇಳಿದ್ದರಲ್ಲಿ ಅರ್ಧ ಸರಿ. ಐದು ವರ್ಷದವರು ಕಣ್ಣೆದುರು ಕೇಕ್ ಇಟ್ಟುಕೊಂಡು ಕಾಯುವುದಿಲ್ಲ, ಬೆರಳು ಹಾಕಿಯೇ ಹಾಕ್ತವೆ. ಹಾಗಂತ ಕೇಕನ್ನು ಮೊದಲು ತಿನ್ನಿಸುವುದಕ್ಕಿಂತ ಕಾಣದ ಹಾಗೆ ಇಡುವುದು ಸುಲಭ. ಹೇಗೂ ಮೇ ತಿಂಗಳ ಮಂಗಳೂರಿನಲ್ಲಿ ಕ್ರೀಂ ಕೇಕನ್ನು ಟೆರೇಸಿನಲ್ಲಿ ಇಡಲು ಆಗುವುದಿಲ್ಲ. ಕಟ್ ಮಾಡುವ ಹತ್ತು ನಿಮಿಷ ಮೊದಲು ಫ್ರಿಜ್ಜಿನಿಂದ ತೆಗೆದು ತನ್ನಿ. ಬೇಕರಿಯವರು ಡಬ್ಬ ಕೊಡುವಾಗಲೇ ಅದು ನಿಮ್ಮ ಫ್ರಿಜ್ಜಿನೊಳಗೆ ಹಿಡೀತದಾ ಅಂತ ನೋಡಿಕೊಳ್ಳಿ. ಇನ್ನು 3 ಕೆಜಿ ಯಾಕೆ ಮಾರಾಯ್ರೆ? ಮಗುವಿಗೆ 50 ಗ್ರಾಂ ತುಂಡು ಕೊಟ್ಟರೆ ಧಾರಾಳ. 18 ಮಕ್ಕಳಿಗೆ ಒಂದು ಕೆಜಿ ಒಳಗೇ ಆಯ್ತು, ದೊಡ್ಡವರನ್ನೂ ಸೇರಿಸಿದರೆ ಒಂದೂಮುಕ್ಕಾಲು ಕೆಜಿ. ಮೇಲೆ ಇಡುವ ಫಾಂಡೆಂಟ್ ಬೊಂಬೆಗೆ ದುಡ್ಡು ಸುರಿಯಬೇಡಿ, ಅದನ್ನು ಒಬ್ಬರೂ ತಿನ್ನುವುದಿಲ್ಲ.

ಗೋಳಿಬಜೆ ಮಕ್ಕಳ ಪಟ್ಟಿಯಿಂದ ತೆಗೆಯಿರಿ. ಬಾಣಲೆಯಿಂದ ತೆಗೆದ ಹತ್ತು ನಿಮಿಷ ಅದರ ಒಳಗೆ ಸುಡುವ ಬಿಸಿ ಇರ್ತದೆ, ಮಗು ಕಚ್ಚಿ ನಾಲಗೆ ಸುಟ್ಟುಕೊಳ್ತದೆ. ಆರಿದರೆ ರಬ್ಬರ್. ಹಸಿಮೆಣಸು ಬೇರೆ. ಅದು ದೊಡ್ಡವರಿಗಿರಲಿ, ಆರು ಗಂಟೆಗೆ ಬಿಸಿಬಿಸಿ ಮಾಡಿ ಚಾದ ಜೊತೆ ಕೊಡಿ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ಮಾರ್ಚ್ 2024ರಲ್ಲೇ ನಿಷೇಧ ಮಾಡಿದೆ, ಬಾಂಬೆ ಮಿಠಾಯಿಗೂ ಅದೇ ನಿಯಮ. ಅಡುಗೆಯವರು 'ಬಣ್ಣ ಇಲ್ಲ' ಅಂತ ಹೇಳಿದರೆ ಸಾಲದು, ತಟ್ಟೆಯಲ್ಲಿ ಕೆಂಪು ಎಣ್ಣೆ ಕೂರ್ತದಾ, ಬೆರಳಿಗೆ ಕೆಂಪು ಹತ್ತುತ್ತದಾ ನೋಡಿ. ಖಾರದ ಲೆಕ್ಕದಲ್ಲೂ ಐದು ವರ್ಷದವರಿಗೆ ಅದು ಆಗುವುದಿಲ್ಲ.

ಈಗ ನನ್ನ ಬನ್ಸ್. ನಮ್ಮ ಊರಿನ ಬನ್ಸನ್ನು ಹೋಟೆಲಿನ ಗಾತ್ರದಲ್ಲಿ ಮಾಡಬೇಡಿ, ಲಿಂಬೆಹಣ್ಣಿನಷ್ಟು ಉಂಡೆ ಮಾಡಿ ಸಣ್ಣ ಸಣ್ಣದು ಕರೀರಿ. ಮಕ್ಕಳ ಪಾರ್ಟಿಗೆ ಇದಕ್ಕಿಂತ ಒಳ್ಳೆಯದು ನನಗೆ ಇನ್ನೂ ಸಿಕ್ಕಿಲ್ಲ. ಚಟ್ನಿ ಬೇಡ, ಕೈಗೆ ಅಂಟುವುದಿಲ್ಲ, ತಣ್ಣಗಾದರೂ ಮೆತ್ತಗೇ ಇರ್ತದೆ. ಬಾಳೆಹಣ್ಣು, ಸಕ್ಕರೆ ಎರಡೂ ಒಳಗೆ ತೇವ ಹಿಡಿದಿಡ್ತವೆ, ಅದಕ್ಕೇ ಪೂರಿ ಹಾಗೆ ಗಟ್ಟಿಯಾಗುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಕರಿದಿಟ್ಟು ಸಂಜೆ ನಿಶ್ಚಿಂತೆಯಿಂದ ಇರಬಹುದು.

ಅರ್ಧ ಕೆಜಿ ಮೈದಾಕ್ಕೆ ಸಿಪ್ಪೆ ತೆಗೆದು 350 ಗ್ರಾಂ ಬಾಳೆಹಣ್ಣು ಬೇಕು. ಸಿಪ್ಪೆ ಮೇಲೆ ಕಪ್ಪು ಚುಕ್ಕೆ ತುಂಬಿರಬೇಕು, ಹಳದಿ ಹಣ್ಣಿನಿಂದ ಆಗುವುದಿಲ್ಲ. ಹಣ್ಣಿಗೆ ಆರು ಚಮಚ ಸಕ್ಕರೆ ಹಾಕಿ ಕೈಯಲ್ಲಿ ಕಿವುಚಿ, ಸಕ್ಕರೆ ಕರಗಿ ನೀರಾಗುವವರೆಗೆ. ಇಲ್ಲಿ ಅವಸರ ಮಾಡಿದರೆ ಕರಗದ ಸಕ್ಕರೆ ಎಣ್ಣೆಯಲ್ಲಿ ಕಪ್ಪಗೆ ಹತ್ತುತ್ತದೆ. ಆಮೇಲೆ ಸ್ವಲ್ಪ ಹುಳಿ ಮೊಸರು, ಉಪ್ಪು, ಒಂದು ಚಮಚ ತುಪ್ಪ, ಕುಟ್ಟಿದ ಜೀರಿಗೆ, ಎರಡು ಚಿಟಿಕೆ ಸೋಡಾ. ಇಡೀ ಜೀರಿಗೆ ಹಾಕಿದರೆ ಮಕ್ಕಳು ಒಂದೊಂದೇ ಹೆಕ್ಕಿ ತಟ್ಟೆಯ ಬದಿಗಿಡ್ತವೆ, ಅದಕ್ಕೆ ಕುಟ್ಟುವುದು. ಸೋಡಾ ಹೆಚ್ಚಾದರೆ ಎಣ್ಣೆ ಕುಡೀತದೆ, ಬಾಯಿಗೂ ಸೋಪಿನ ರುಚಿ. ಮೈದಾ ಒಂದೇ ಸಲ ಸುರಿಯಬೇಡಿ, ಹಣ್ಣು ಹಿಡಿದಷ್ಟೇ ಹಾಕಿ. ನೀರು ಒಂದು ಹನಿಯೂ ಬೇಡ. ಹಿಟ್ಟು ಚಪಾತಿಯದಕ್ಕಿಂತ ಮೆತ್ತಗೆ, ಬೆರಳಿಗೆ ಸ್ವಲ್ಪ ಅಂಟುವ ಹಾಗಿರಲಿ. ಮೇಲೆ ಎಣ್ಣೆ ಸವರಿ ಮುಚ್ಚಿಡಿ.

ಎಲ್ಲರೂ 'ರಾತ್ರಿ ಕಲಸಿಡಿ' ಅಂತಾರೆ. ಡಿಸೆಂಬರಿಗೆ ಅದು ಸರಿ. ಮೇ ತಿಂಗಳಲ್ಲಿ ರಾತ್ರಿ ಹೊರಗಿಟ್ಟ ಹಿಟ್ಟು ಬೆಳಗ್ಗೆಗೆ ಹುಳಿ ವಾಸನೆ ಬರ್ತದೆ, ಮಕ್ಕಳಿಗೆ ಅದು ಕೂಡಲೇ ಗೊತ್ತಾಗ್ತದೆ. ಬೆಳಗ್ಗೆ ಒಂಬತ್ತಕ್ಕೆ ಕಲಸಿ, ಒಂದೂವರೆಗೆ ಕರಿಯಲು ಕೂರಿ. ರಾತ್ರಿಯೇ ಕಲಸಲೇಬೇಕಾದರೆ ಫ್ರಿಜ್ಜಿನಲ್ಲಿಟ್ಟು ಕರಿಯುವ ಒಂದು ಗಂಟೆ ಮೊದಲು ಹೊರಗೆ ತೆಗೆಯಿರಿ.

ಲಟ್ಟಿಸುವಾಗ ಪೂರಿಗಿಂತ ದಪ್ಪ ಇರಬೇಕು, ಒಣ ಹಿಟ್ಟು ಕಡಿಮೆ. ಎಣ್ಣೆ ಮಧ್ಯಮ ಉರಿ. ಚೂರು ಹಿಟ್ಟು ಹಾಕಿದರೆ ಒಂದು ಕ್ಷಣ ತಳದಲ್ಲಿದ್ದು ನಿಧಾನ ಮೇಲೆ ಬರಬೇಕು. ಬಿದ್ದ ಕೂಡಲೇ ಚಟ್ ಅಂತ ಮೇಲೆ ಬಂದು ಕೆಂಪಾದರೆ ಉರಿ ಜಾಸ್ತಿ. ಸಕ್ಕರೆ ಇರುವುದರಿಂದ ಹೊರಗೆ ಬೇಗ ಬಣ್ಣ ಬಂದು ಒಳಗೆ ಹಸಿ ಉಳೀತದೆ. ಮೊದಲನೆಯದನ್ನು ಮುರಿದು ನೋಡಿ, ಒಳಗೆ ಎಳೆ ಎಳೆಯಾಗಿ ಅಂಟುತ್ತಿದ್ದರೆ ಉರಿ ಇಳಿಸಿ. ಕರಿದದ್ದನ್ನು ಜಾಲರಿ ಬುಟ್ಟಿಯಲ್ಲಿ ಹರಡಿ, ಪೇಪರಿನಲ್ಲಿ ಬೇಡ, ಶಾಯಿ ಹತ್ತುತ್ತದೆ. ಪೂರ್ತಿ ಆರುವ ಮೊದಲು ಡಬ್ಬಕ್ಕೆ ತುಂಬಿಸಿದರೆ ಹಬೆಗೆ ಬೆವರಿ ಮೇಲೆಲ್ಲ ಒದ್ದೆಯಾಗ್ತದೆ. ಈ ಅಳತೆಗೆ 38ರಿಂದ 40 ಬನ್ಸ್ ಬರ್ತದೆ, ಮಗುವಿಗೆ ಎರಡರಂತೆ 36. ಉಳಿದದ್ದು ಕರೆದವರ ತಮ್ಮ ತಂಗಿಯರಿಗೆ, ಅವರು ಬಂದೇ ಬರ್ತಾರೆ.

ತಟ್ಟೆಯಲ್ಲಿ ಬನ್ಸಿನ ಜೊತೆಗೆ ಬೆಣ್ಣೆ ಹಚ್ಚಿದ ಬ್ರೆಡ್ಡು, ನಾಲ್ಕು ತುಂಡು ಮಾಡಿದ್ದು, ಎರಡು ಸಾಕು. ಸಿಪ್ಪೆ ಸಮೇತ ತ್ರಿಕೋನ ಕತ್ತರಿಸಿದ ಕಲ್ಲಂಗಡಿ ಒಂದು, ಸಿಪ್ಪೆ ಇದ್ದರೆ ಹಿಡಿದು ತಿನ್ನಲಿಕ್ಕೆ ಸುಲಭ. ಒಂದು ಹಿಡಿ ಬಾಳೆಕಾಯಿ ಚಿಪ್ಸ್, 18 ಮಕ್ಕಳಿಗೆ ಅರ್ಧ ಕೆಜಿ. ಅಷ್ಟೇ. ಐದನೇ ತಿಂಡಿ ಹಾಕಿದರೆ ಅದು ಚಾಪೆ ಮೇಲೆ ಸಿಗ್ತದೆ. ತಟ್ಟೆಗೆ ನಮ್ಮ ಹಾಳೆ ತಟ್ಟೆಯೇ ಒಳ್ಳೆಯದು, ಸಣ್ಣ ಸೈಜು ಸಿಗ್ತದೆ, ಟೆರೇಸಿನ ಗಾಳಿಗೆ ಪೇಪರ್ ತಟ್ಟೆ ಮಗುಚಿ ಹೋಗ್ತದೆ.

ಮಕ್ಕಳಿಗೆ ಗಡ್‌ಬಡ್ ಬೇಡ. ಅಷ್ಟುದ್ದದ ಗ್ಲಾಸಿನಲ್ಲಿ ಮೇಲಿನ ಜೆಲ್ಲಿ, ಚೆರಿ ತಿಂದು ಉಳಿದದ್ದನ್ನು ಬಿಟ್ಟು ಓಡ್ತವೆ. ಅದರಲ್ಲಿ ಗೋಡಂಬಿಯೂ ಇರ್ತದೆ, ಅದು ಆಗದ ಮಗು ಇದ್ದರೆ ಕಷ್ಟ. ಸಣ್ಣ ಕಪ್ ವೆನಿಲಾ ತನ್ನಿ. ನನಗೆ ಐಡಿಯಲ್‌ನದ್ದು ಇಷ್ಟ, ಹ್ಯಾಂಗ್ಯೋದವರ ಕಪ್ ಕೂಡ ಮಕ್ಕಳಿಗೆ ಆಗ್ತದೆ. ಯಾವ ಕಂಪನಿಯದ್ದೇ ತಂದರೂ ಮುಚ್ಚಳದ ಮೇಲೆ 'ಐಸ್‌ಕ್ರೀಂ' ಅಂತ ಇದೆಯಾ, 'ಫ್ರೋಜನ್ ಡೆಸರ್ಟ್' ಅಂತ ಇದೆಯಾ ಓದಿ. ಎರಡನೆಯದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಹಾಕಿರ್ತಾರೆ. ಅದೇ ದುಡ್ಡಿಗೆ ಅದು ಯಾಕೆ ತೆಗೆದುಕೊಳ್ಳಬೇಕು?

ಕಾಪುವಿನ ಅಕ್ಕ ರಾಗಿ ಮಣ್ಣಿ ಮಾಡಿ ಅಂತ ಬರೆದಿದ್ದಾರೆ. ಅಕ್ಕ, ಅದು ನಿಮ್ಮ ಮೊಮ್ಮಗನ ಮೊದಲ ಹುಟ್ಟುಹಬ್ಬಕ್ಕೆ ಚೆನ್ನಾಗಿತ್ತು, ಒಪ್ಪುತ್ತೇನೆ. ಇವು ಏಳು ವರ್ಷದವು, ಮಣ್ಣಿ ನೋಡಿ ಮುಖ ತಿರುಗಿಸ್ತವೆ. ಆದರೆ ನಿಮ್ಮ ಮಾತಿನಿಂದ ಒಂದು ವಿಷಯ ನೆನಪಾಯ್ತು. ಎರಡು ಮೂರು ವರ್ಷದ ತಮ್ಮ ತಂಗಿಯರು ಬರುವುದರಿಂದ ಇಡೀ ದ್ರಾಕ್ಷಿ, ನೆಲಕಡಲೆ, ಪಾಪ್‌ಕಾರ್ನ್, ಗೋಲಿ ಮಿಠಾಯಿ ಎಲ್ಲಿಯೂ ಇಡಬೇಡಿ, ಗಂಟಲಲ್ಲಿ ಸಿಕ್ಕುವಂಥವು ಅವು. ದ್ರಾಕ್ಷಿ ಇಡಲೇಬೇಕಾದರೆ ಉದ್ದಕ್ಕೆ ಸೀಳಿ. ಏಳು ವರ್ಷದವರಿಗೂ ಬಾಯಲ್ಲಿ ತಿಂಡಿ ಇಟ್ಟುಕೊಂಡು ಓಡಲು ಬಿಡಬಾರದು, ಚಾಪೆ ಮೇಲೆ ಕೂರಿಸುವುದು ಅದಕ್ಕೂ ಸೇರಿ.

ಸಕ್ಕರೆ ತಿಂದರೆ ಮಕ್ಕಳು ಹುಚ್ಚೆದ್ದು ಕುಣೀತಾರೆ ಅಂತ ಬರೆದ ಅಣ್ಣನವರೇ, ಅದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಹಲವು ಪ್ರಯೋಗಗಳನ್ನು ಒಟ್ಟು ಹಾಕಿ 1995ರಲ್ಲಿ ಬಂದ ವರದಿಯಲ್ಲಿ ಸಕ್ಕರೆಯಿಂದ ಮಕ್ಕಳ ನಡವಳಿಕೆ ಬದಲಾದ ಹಾಗೆ ಕಾಣಲಿಲ್ಲ. ಕುಣಿತಕ್ಕೆ 18 ಮಕ್ಕಳು ಒಟ್ಟಿಗೆ ಸೇರಿದ್ದೇ ಸಾಕು. ಹಾಗಾದರೂ ಜ್ಯೂಸು, ಬಣ್ಣದ ಸೋಡಾ ಬೇಡ ಎನ್ನುವುದಕ್ಕೆ ನನ್ನ ವೋಟೂ ಉಂಟು, ಹಲ್ಲಿಗೆ ಮತ್ತು ಹೊಟ್ಟೆಗೆ. ದೊಡ್ಡ ಜಗ್ಗಿನಲ್ಲಿ ತಣ್ಣೀರು, ಇನ್ನೊಂದರಲ್ಲಿ ತೆಳ್ಳಗೆ ಪುನರ್ಪುಳಿ ಶರಬತ್ತು. ಅದು ಬಿಳಿ ಫ್ರಾಕಿಗೆ ಬಿದ್ದರೆ ಕಲೆ ಹೋಗುವುದಿಲ್ಲ, ಅರ್ಧ ಲೋಟವೇ ಕೊಡಿ.

ದೊಡ್ಡವರ ಗೋಳಿಬಜೆಗೆ ಕಾಯಿ ಚಟ್ನಿ ಮಾಡ್ತೀರಿ ಅಂತ ಕಾಣ್ತದೆ. 32 ಡಿಗ್ರಿ ಮೇಲಿನ ಸೆಕೆಯಲ್ಲಿ ಅಂಥದ್ದನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಸ್ವಲ್ಪ ಸ್ವಲ್ಪವೇ ಮೇಲೆ ತನ್ನಿ, ಉಳಿದದ್ದು ಫ್ರಿಜ್ಜಿನಲ್ಲಿರಲಿ. ಮೊದಲನೆಯ ಬಟ್ಟಲಿನಲ್ಲಿ ಉಳಿದ ಚಟ್ನಿಗೆ ಹೊಸದನ್ನು ಸೇರಿಸಲೇಬೇಡಿ. ಪಲಾವ್ ಬೇಕೇ ಬೇಕು ಅಂತಿದ್ದರೆ ದೊಡ್ಡವರ ಲೆಕ್ಕಕ್ಕೆ ಒಂದೂಕಾಲು ಕೆಜಿ ಅಕ್ಕಿ ಸಾಕು, ಗೋಳಿಬಜೆ ಇದೆಯಲ್ಲ.

ಇನ್ನು ಇವತ್ತೇ ಮಾಡಬೇಕಾದ ಕೆಲಸ: ಕರೆಯುವ ಮೆಸೇಜಿನಲ್ಲಿ 'ಮಗುವಿಗೆ ನೆಲಕಡಲೆ, ಗೋಡಂಬಿ, ಮೊಟ್ಟೆ, ಹಾಲು ಯಾವುದಾದರೂ ಆಗುವುದಿಲ್ಲವಾ' ಅಂತ ಒಂದು ಸಾಲು ಸೇರಿಸಿ. ಮೊಟ್ಟೆ ತಿನ್ನದ ಮನೆಯವರು ನಮ್ಮ ಊರಲ್ಲಿ ಬೇಕಾದಷ್ಟಿದ್ದಾರೆ, ಎಗ್‌ಲೆಸ್ ಕೇಕ್ ಹೇಳಿದರೆ ಆ ತಲೆಬಿಸಿ ಇಲ್ಲ. ಮೇ ಎರಡನೇ ವಾರ ಸಂಜೆ ಮಳೆ ಬಂದರೆ ಎಲ್ಲಿ ಕೂರಿಸ್ತೀರಿ ಅಂತ ನೀವು ಬರೆದಿಲ್ಲ. ಕೆಳಗಿನ ಪಾರ್ಕಿಂಗ್ ಆದರೆ ತಟ್ಟೆಯಲ್ಲಿ ಕಲ್ಲಂಗಡಿ ಬಿಡಿ, ನೊಣ ಮುತ್ತುತ್ತದೆ. ಅದರ ಬದಲು ಯಾವ ಹಣ್ಣು ಅಂತ ಬೇರೆಯವರು ಹೇಳಲಿ, ನನಗೆ ಇನ್ನೂ ಸರಿಯಾದದ್ದು ಸಿಕ್ಕಿಲ್ಲ.