ಬೋರ್ಡ್ ಮುಂದೆ ಬಜೆಟ್: ನಾಲ್ಕನೇ ಸ್ಲೈಡ್‌ನಲ್ಲೇ ಸಿಕ್ಕಿಬೀಳುವವರಿಗೆ

ಪ್ರಶ್ನೆ: ನಾನು ಟ್ರಸ್ಟ್ ನಡೆಸುವ ಶಾಲೆಯೊಂದರಲ್ಲಿ ಅಕೌಂಟೆಂಟ್. ಹೋದ ವರ್ಷ ಆಡಳಿತ ಮಂಡಳಿಗೆ ಬಜೆಟ್ ತೋರಿಸೋಕೆ 32 ಸ್ಲೈಡ್ ಮಾಡಿದ್ದೆ. ನಾಲ್ಕನೇ ಸ್ಲೈಡ್‌ಗೇ ಸ್ಟೇಷನರಿ ಖರ್ಚಿನ ಮೇಲೆ ಚರ್ಚೆ ಶುರುವಾಗಿ ಮುಕ್ಕಾಲು ಗಂಟೆ ಹೋಯ್ತು. ಸಂಬಳದ ಮಾತು ಬರಲೇ ಇಲ್ಲ. ಈ ಸಲ ಹೇಗೆ ಜೋಡಿಸಲಿ?

ಸ್ಟೇಷನರಿಯನ್ನು ಪರದೆ ಮೇಲೆ ತಂದವರು ನೀವೇ ಅಲ್ವಾ? ಮಂಡಳಿಯವರನ್ನು ಬೈದು ಏನು ಬಂತು.

ಫೆಬ್ರವರಿ ಬಂತೆಂದರೆ ನನಗೆ ಇದೇ ಪ್ರಶ್ನೆ ಬರುತ್ತದೆ. ಊರು, ಸಂಸ್ಥೆ ಮಾತ್ರ ಬೇರೆ. ಕಾರಣವೂ ಪ್ರತಿ ಸಲ ಒಂದೇ. ನೋಟ್‌ಬುಕ್ ಎಷ್ಟು, ಸೀಮೆಸುಣ್ಣ ಎಷ್ಟು ಅನ್ನೋದು ಎಲ್ಲರಿಗೂ ಗೊತ್ತು, ಅದಕ್ಕೇ ಅದರ ಮೇಲೆ ಎಲ್ಲರೂ ಮಾತಾಡುತ್ತಾರೆ. ಒಂದೂವರೆ ಕೋಟಿ ಸಂಬಳ ಜಾಸ್ತಿಯೋ ಕಮ್ಮಿಯೋ ಅಂತ ಯಾರಿಗೂ ಅಂದಾಜು ಸಿಗೋದಿಲ್ಲ, ಅದಕ್ಕೇ ಸುಮ್ಮನಿರುತ್ತಾರೆ. ಪಾರ್ಕಿನ್ಸನ್ ಎಂಬ ಬ್ರಿಟಿಷ್ ಬರಹಗಾರರು 1957ರಲ್ಲೇ ಇದನ್ನು ಹೇಳಿದ್ದರು: ಅಣು ಸ್ಥಾವರದ ಖರ್ಚಿಗೆ ಸಮಿತಿ ಚಿಟಿಕೆ ಹೊಡೆಯುವಷ್ಟರಲ್ಲಿ ಒಪ್ಪಿಗೆ ಕೊಡುತ್ತದೆ, ಸೈಕಲ್ ಶೆಡ್ಡಿನ ಚಾವಣಿಗೆ ಮುಕ್ಕಾಲು ಗಂಟೆ ಜಗಳವಾಡುತ್ತದೆ. ನಿಮ್ಮ ಸ್ಲೈಡ್‌ಗಳು ಖರ್ಚಿನ ಬಾಬ್ತುಗಳ ಸಾಲಿನಲ್ಲಿ ನಿಂತಿದ್ದವು. ಸಾಲಿನಲ್ಲಿ ಮೊದಲು ಸಿಕ್ಕಿದ ಸೈಕಲ್ ಶೆಡ್ಡಿಗೆ ಅವರು ಅಂಟಿಕೊಂಡುಬಿಟ್ಟರು, ಅಷ್ಟೇ.

ನೀವು ಕಳಿಸಿದ ಅಂಕಿಗಳನ್ನೇ ಇಟ್ಟುಕೊಂಡು ಮಾಡೋಣ. ಈ ವರ್ಷದ ಖರ್ಚು ಮಾರ್ಚ್ ಮುಗಿಯುವಷ್ಟರಲ್ಲಿ 2.40 ಕೋಟಿ ಆಗಬಹುದು. ಮುಂದಿನ ವರ್ಷಕ್ಕೆ 2.78 ಕೋಟಿ ಕೇಳುತ್ತಿದ್ದೀರಿ. ಈಗ 620 ಮಕ್ಕಳು, ಫೀಸು 38,000. ಮುಂದಿನ ವರ್ಷ 650 ಮಕ್ಕಳು, ಫೀಸು 41,000 ಅಂತ ಲೆಕ್ಕ. ಫೀಸು, ಬಸ್ಸಿನ ಹಣ ಎಲ್ಲ ಸೇರಿ ಆದಾಯ 2.80 ಕೋಟಿ. ಉಳಿಯೋದು 2 ಲಕ್ಷ.

ಪವರ್‌ಪಾಯಿಂಟ್ ತೆಗೆಯಬೇಡಿ ಇನ್ನೂ. ಒಂದು ಹಾಳೆ ತಗೊಂಡು ಬೋರ್ಡಿಗೆ ಹೇಳಬೇಕಾದ್ದನ್ನು ಪೂರ್ತಿ ವಾಕ್ಯಗಳಲ್ಲಿ ಬರೆಯಿರಿ. ‘ವೆಚ್ಚದ ವಿವರ’ ಅನ್ನೋದು ವಾಕ್ಯ ಅಲ್ಲ, ಫೈಲಿನ ಮೇಲಿನ ಚೀಟಿ. ಕ್ರಿಯಾಪದ ಇರಬೇಕು, ಒಂದು ಅಂಕಿ ಇರಬೇಕು, ಓದಿದವರು ‘ಹೌದು’ ಅಥವಾ ‘ಇಲ್ಲ’ ಅನ್ನೋಕೆ ಆಗಬೇಕು. ಆ ಒಂದೊಂದು ವಾಕ್ಯವೇ ಒಂದೊಂದು ಸ್ಲೈಡಿನ ತಲೆಬರಹ. ಅದರ ಕೆಳಗೆ ಆ ವಾಕ್ಯ ನಿಜ ಅಂತ ತೋರಿಸುವಷ್ಟು ಮಾತ್ರ ಇರಲಿ, ಉಳಿದದ್ದೆಲ್ಲ ಹೊರಗೆ.

ಮೊದಲನೇ ಸ್ಲೈಡ್: ‘ಮುಂದಿನ ವರ್ಷ 2.78 ಕೋಟಿ ಖರ್ಚಿಗೆ ಒಪ್ಪಿಗೆ ಕೇಳುತ್ತಿದ್ದೇವೆ, ಈ ವರ್ಷಕ್ಕಿಂತ 38 ಲಕ್ಷ ಜಾಸ್ತಿ.’ ಶಾಲೆಯ ಇತಿಹಾಸ, ಸರಸ್ವತಿ ಚಿತ್ರ, ‘ಇಂದಿನ ವಿಷಯಗಳು’, ಯಾವುದೂ ಇದಕ್ಕಿಂತ ಮುಂಚೆ ಬೇಡ.

ಇಲ್ಲೊಂದು ತಪ್ಪು ನಡೆಯುತ್ತದೆ, ಕೆಲವರು ಬೇಕಂತಲೇ ಮಾಡುತ್ತಾರೆ. ಈ ವರ್ಷಕ್ಕೆ ಬೋರ್ಡ್ ಮಂಜೂರು ಮಾಡಿದ್ದು 2.52 ಕೋಟಿ ಅಂತ ಬರೆದಿದ್ದೀರಿ. ಅದಕ್ಕೆ ಹೋಲಿಸಿದರೆ ಏರಿಕೆ ಬರೀ 26 ಲಕ್ಷ, ನೋಡೋಕೆ ಚೆಂದ. ಆದರೆ ಶಾಲೆ ನಡೆದಿದ್ದು 2.40ರಲ್ಲಿ. ಜನವರಿವರೆಗಿನ ನಿಜ ಖರ್ಚಿಗೆ ಉಳಿದ ಎರಡು ತಿಂಗಳ ಅಂದಾಜು ಸೇರಿಸಿ, ಅದಕ್ಕೇ ಹೋಲಿಸಿ. ಕೇಂದ್ರ ಬಜೆಟ್‌ನಲ್ಲೂ ಹೊಸ ಅಂದಾಜಿನ ಪಕ್ಕ ಹಳೇ ಅಂದಾಜು ಮಾತ್ರ ಇರೋದಿಲ್ಲ, ಪರಿಷ್ಕೃತ ಅಂದಾಜೂ ಇರುತ್ತದೆ. ಆ 12 ಲಕ್ಷದ ವ್ಯತ್ಯಾಸವನ್ನು ಯಾರಾದರೂ ಟ್ರಸ್ಟಿ ತಾವಾಗೇ ಕಂಡುಹಿಡಿದರೆ, ಆಮೇಲಿನ ಸ್ಲೈಡ್‌ಗಳನ್ನು ಯಾರೂ ನಂಬೋದಿಲ್ಲ.

ಎರಡನೇದು: ‘ಹೆಚ್ಚುವ 38 ಲಕ್ಷದಲ್ಲಿ 25 ಲಕ್ಷ ಸಂಬಳಕ್ಕೇ ಹೋಗುತ್ತದೆ.’ ಇದಕ್ಕೆ ವಾಟರ್‌ಫಾಲ್ ಚಾರ್ಟ್ ಬೇಕು. ಎಡಗಡೆ 2.40ರ ಕಂಬ, ಆಮೇಲೆ ಮೆಟ್ಟಿಲುಗಳ ಹಾಗೆ ಇನ್‌ಕ್ರಿಮೆಂಟ್ 13 ಲಕ್ಷ, ನಾಲ್ಕು ಹೊಸ ಟೀಚರ್‌ಗಳಿಗೆ 12 ಲಕ್ಷ, ಚಾವಣಿ ರಿಪೇರಿಗೆ 7, ಬಸ್ಸಿನ ಡೀಸೆಲ್-ರಿಪೇರಿಗೆ 6, ಕೊನೆಗೆ ಬಲಗಡೆ 2.78ರ ಕಂಬ. ಎಕ್ಸೆಲ್ 2016ರಿಂದ ಈಚೆಗೆ ಇದು ಒಳಗೇ ಇದೆ: `Insert` ಒಳಗೆ `Waterfall`. ಕೊನೇ ಕಂಬದ ಮೇಲೆ ಬಲ ಕ್ಲಿಕ್ ಮಾಡಿ `Set as total` ಒತ್ತೋದು ಮರೆತರೆ ಆ ಕಂಬ ಗಾಳಿಯಲ್ಲಿ ನೇತಾಡುತ್ತದೆ. ಮರೆತಿದ್ದೀರಿ ಅನ್ನೋದು ಅದರಿಂದಲೇ ಗೊತ್ತಾಗುತ್ತದೆ. ಎರಡು ಸಂಬಳದ ಮೆಟ್ಟಿಲುಗಳಿಗೆ ಮಾತ್ರ ಗಾಢ ಬಣ್ಣ ಹಾಕಿ, ಉಳಿದವು ಬೂದಿ ಬಣ್ಣದಲ್ಲಿರಲಿ. ಸ್ಟೇಷನರಿ ಎಲ್ಲಿ ಅಂದಿರಾ? ಅದು ಮುಂದಿನ ವರ್ಷಕ್ಕೂ ಬದಲಾಗೇ ಇಲ್ಲವಲ್ಲ, ಚಾರ್ಟಿಗೆ ಯಾಕೆ ಬರಬೇಕು? ವಿವರ ಬೇಕಾದವರಿಗೆ ಪೂರ್ತಿ ಪಟ್ಟಿ ಸಭೆಗೆ ಏಳು ದಿನ ಮುಂಚೆಯೇ ಕೈಸೇರಿರಲಿ. ಕಂಪನಿ ಬೋರ್ಡ್‌ಗಳಿಗೆ ಅಜೆಂಡಾ ಟಿಪ್ಪಣಿ ಏಳು ದಿನ ಮೊದಲು ಕಳಿಸುವ ನಿಯಮವೇ ಇದೆ. ಟ್ರಸ್ಟ್‌ಗೆ ಅದು ಅನ್ವಯಿಸೋದಿಲ್ಲ, ಆದರೂ ಒಳ್ಳೇ ರೂಢಿ.

ಪೈ ಚಾರ್ಟ್ ಮಾತ್ರ ಹಾಕಬೇಡಿ. ನಾನೇ ಒಂದು ಸಲ 14 ಹೋಳಿನ ಪೈ ಚಾರ್ಟ್ ಹಾಕಿ ನಿಂತಿದ್ದೆ. ಹಿರಿಯ ಸದಸ್ಯರೊಬ್ಬರು ಕನ್ನಡಕ ಒರೆಸಿಕೊಂಡು, ‘ಇದರಲ್ಲಿ ಡೀಸೆಲ್ ಯಾವ ನೀಲಿ?’ ಅಂದರು. ನೀಲಿ ಮೂರಿತ್ತು. ನನಗೂ ಗೊತ್ತಾಗಲಿಲ್ಲ.

ಮೂರನೇದಕ್ಕೆ ನೀವು ಬರೆದ ತಲೆಬರಹ: ‘ಖರ್ಚು ತುಂಬಲು ಫೀಸು 3,000 ಏರಬೇಕು ಮತ್ತು 30 ಮಕ್ಕಳು ಹೆಚ್ಚಬೇಕು.’ ನೋಡಿ, ‘ಮತ್ತು’ ಬಂತು. ತಲೆಬರಹದಲ್ಲಿ ‘ಮತ್ತು’ ಬಂದರೆ ಅಲ್ಲಿ ಎರಡು ಸ್ಲೈಡ್ ಇವೆ ಅಂತ ಅರ್ಥ. ಇದು ವ್ಯಾಕರಣದ ಹಟ ಅಲ್ಲ. ಫೀಸು ಏರಿಸೋದು ಬೋರ್ಡ್ ಕೈಯಲ್ಲಿದೆ, ಇವತ್ತೇ ತೀರ್ಮಾನಿಸಬಹುದು. 30 ಮಕ್ಕಳು ಬರೋದು ಯಾರ ಕೈಯಲ್ಲೂ ಇಲ್ಲ, ಅದು ನಿಮ್ಮ ಊಹೆ. ತೀರ್ಮಾನವನ್ನೂ ಊಹೆಯನ್ನೂ ಒಂದೇ ಸ್ಲೈಡಿನಲ್ಲಿ ಕಟ್ಟಿದರೆ, ಫೀಸಿಗೆ ಒಪ್ಪಿದವರು ಊಹೆಗೂ ಒಪ್ಪಿದ ಹಾಗಾಗುತ್ತದೆ. ಅಥವಾ ಊಹೆಯನ್ನು ನಂಬದವರು ಫೀಸಿಗೂ ಬೇಡ ಅನ್ನುತ್ತಾರೆ. ಬಿಡಿಸಿ. ಒಂದರಲ್ಲಿ ‘ಫೀಸು 3,000 ಏರಿಸಿದರೆ ಈಗಿರುವಷ್ಟೇ ಮಕ್ಕಳಿಂದ 18.6 ಲಕ್ಷ ಹೆಚ್ಚು ಬರುತ್ತದೆ.’ ಇನ್ನೊಂದರಲ್ಲಿ ‘30 ಮಕ್ಕಳು ಹೆಚ್ಚಾದರೆ ಇನ್ನೂ 12.3 ಲಕ್ಷ ಬರುತ್ತದೆ.’ ಇದರ ಕೆಳಗೆ ಹೋದ ಮೂರು ವರ್ಷದ ಅಡ್ಮಿಷನ್ ಸಂಖ್ಯೆ ಇಡಿ. ಮೂರು ವರ್ಷವೂ 10-12 ಮಕ್ಕಳೇ ಹೆಚ್ಚಿದ್ದರೆ 30 ಅನ್ನೋದು ಆಸೆ ಅಂತ ಅವರಿಗೇ ಕಾಣುತ್ತದೆ. ನಿಮಗೂ.

ಐದನೇದು ನಿಮ್ಮ 32ರಲ್ಲಿ ಇರಲೇ ಇಲ್ಲ, ಬೋರ್ಡಿಗೆ ನಿಜವಾಗಿ ಬೇಕಾಗಿದ್ದು ಅದೇ: ‘ಅಂದುಕೊಂಡಿದ್ದಕ್ಕಿಂತ 5 ಮಕ್ಕಳು ಕಡಿಮೆ ಬಂದರೆ ಉಳಿತಾಯ ಪೂರ್ತಿ ಕರಗುತ್ತದೆ.’ ಲೆಕ್ಕ ಹಾಕಿ ನೋಡಿ. ಉಳಿಯೋದು 2 ಲಕ್ಷ, ಒಂದು ಮಗುವಿಗೆ 41,000, ಐದಕ್ಕೆ 2.05 ಲಕ್ಷ. ಕೆಳಗೆ ಮೂರೇ ಸಾಲಿನ ಕೋಷ್ಟಕ ಸಾಕು. 650 ಬಂದರೆ 2 ಲಕ್ಷ ಉಳಿಕೆ, 640 ಬಂದರೆ 2.1 ಲಕ್ಷ ಕೊರತೆ, 630 ಬಂದರೆ 6.2 ಲಕ್ಷ ಕೊರತೆ. ಇದನ್ನು ತೋರಿಸಿದರೆ ಬಜೆಟ್ ಬಿದ್ದುಹೋಗುತ್ತದೆ ಅಂತ ಹೆದರುತ್ತೀರಿ. ನನ್ನ ಅನುಭವದಲ್ಲಿ ಉಲ್ಟಾ. ಆದರೆ ಸ್ಲೈಡ್ ಇಲ್ಲಿಗೇ ನಿಲ್ಲಬಾರದು, ಮುಂದಿನದರಲ್ಲಿ ದಾರಿಯೂ ಕಾಣಬೇಕು.

ಆರನೇದೇ ಕೊನೇದು. ‘ಎರಡು ಟೀಚರ್ ಹುದ್ದೆಗಳನ್ನು ಅಡ್ಮಿಷನ್ ಮುಗಿಯುವವರೆಗೆ ತಡೆಹಿಡಿದರೆ 630 ಮಕ್ಕಳಲ್ಲೂ ಶಾಲೆ ನಡೆಯುತ್ತದೆ.’ ಇಬ್ಬರ ವರ್ಷದ ಸಂಬಳ 6 ಲಕ್ಷ, ಆಗ ಕೊರತೆ 20 ಸಾವಿರಕ್ಕೆ ಇಳಿಯುತ್ತದೆ. ಚಾವಣಿ ರಿಪೇರಿ ಮುಂದೂಡಿ ಅಂತ ಯಾರಾದರೂ ಅನ್ನುತ್ತಾರೆ, ಅನ್ನದೇ ಇರೋದಿಲ್ಲ. ಒಪ್ಪಬೇಡಿ. ಮೇ ತಿಂಗಳಲ್ಲಿ ಮಾಡದಿದ್ದರೆ ಜೂನ್ ಮಳೆಗೆ ತರಗತಿಯಲ್ಲಿ ಬಕೆಟ್ ಇಡಬೇಕಾಗುತ್ತದೆ, ಆಮೇಲೆ 7 ಲಕ್ಷಕ್ಕೆ ಮುಗಿಯೋದೂ ಇಲ್ಲ. ಈ ತಲೆಬರಹದ ಕೆಳಗೆ ಠರಾವಿನ ಮಾತನ್ನೇ ಬರೆದಿಡಿ, ಸೆಕ್ರೆಟರಿ ಹಾಗೇ ನಡಾವಳಿ ಪುಸ್ತಕಕ್ಕೆ ಇಳಿಸಿಕೊಳ್ಳುವ ಹಾಗೆ: ಎಷ್ಟು ಹಣ, ಎಷ್ಟು ಫೀಸು, ಯಾವ ಹುದ್ದೆ ಯಾವ ಷರತ್ತಿಗೆ.

ಆರು ತಲೆಬರಹಗಳನ್ನು ಬರೀ ಬಾಯಲ್ಲಿ, ಚಿತ್ರ ಇಲ್ಲದೆ, ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ. ಕಥೆ ಅರ್ಥವಾದರೆ ಸರಿ. ಎಲ್ಲಾದರೂ ‘ಅದು ಯಾಕೆ?’ ಅಂದರೆ ಅಲ್ಲೊಂದು ಕೊಂಡಿ ತಪ್ಪಿದೆ.

ಆದರೂ ಸ್ಟೇಷನರಿ ಮಾತು ಬಂದೇ ಬರುತ್ತದೆ. ‘ಪಟ್ಟಿಯ ಎರಡನೇ ಪುಟದಲ್ಲಿದೆ ಸರ್, ಈ ವರ್ಷದಷ್ಟೇ ಇದೆ’ ಅಂದು ಮುಂದಕ್ಕೆ ಹೋಗಿ.

ಪ್ರಶ್ನೆ: ಒಂದು ಸ್ಲೈಡಿಗೆ ಆರು ಸಾಲು, ಸಾಲಿಗೆ ಆರು ಪದ ಅಂತ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ದಾರೆ. ಸರೀನಾ?

ಆರು ಸಾಲಲ್ಲಿ ಆರು ವಿಷಯ ತುರುಕಿದರೆ ನಿಯಮ ಪಾಲಿಸಿದ ಹಾಗೂ ಆಯಿತು, ಕೆಟ್ಟ ಸ್ಲೈಡೂ ಆಯಿತು. ಸಾವಿರಾರು ರೂಪಾಯಿ ಫೀಸು ತಗೊಂಡು ಪದ ಎಣಿಸೋದು ಕಲಿಸುವವರ ಬಗ್ಗೆ ಇನ್ನೇನೂ ಹೇಳಲ್ಲ.

ಪ್ರಶ್ನೆ: ಎಕ್ಸೆಲ್ ಶೀಟನ್ನೇ ಸ್ಲೈಡಿಗೆ ಅಂಟಿಸಿದರೆ ಆಗಲ್ವಾ?

ಆಗಲ್ಲ.

ಪ್ರಶ್ನೆ: ಬೋರ್ಡ್ ಹೇಗೂ ಹತ್ತು ಪರ್ಸೆಂಟ್ ಕತ್ತರಿಸುತ್ತೆ. ಮೊದಲೇ ಹತ್ತು ಪರ್ಸೆಂಟ್ ಸೇರಿಸಿ ತೋರಿಸಬಹುದಾ?

ಎಲ್ಲರೂ ಮಾಡುತ್ತಾರೆ ಅಂತ ಗೊತ್ತು, ನನಗೆ ಇಷ್ಟವಿಲ್ಲ. ಒಂದು ವರ್ಷ ಅವರು ಕತ್ತರಿಸದೇ ಬಿಟ್ಟರೆ ಮಾರ್ಚ್‌ನಲ್ಲಿ ಆ ಹಣ ಹಾಗೇ ಉಳಿದು ಕಾಣುತ್ತದೆ, ಮುಂದಿನ ವರ್ಷ ಇಪ್ಪತ್ತು ಕತ್ತರಿಸುತ್ತಾರೆ. ಅನಿರೀಕ್ಷಿತ ಖರ್ಚಿಗೆ ದುಡ್ಡು ಬೇಕೆಂದರೆ ಅದೇ ಹೆಸರಲ್ಲಿ, ಕಾರಣ ಬರೆದು, ಬೇರೆ ಸಾಲಿನಲ್ಲಿ ಕೇಳಿ.

ಪ್ರಶ್ನೆ: ಕೊನೇ ಸ್ಲೈಡಿಗೆ ‘ಧನ್ಯವಾದಗಳು’ ಅಂತ ಹೂವಿನ ಚಿತ್ರ ಹಾಕಲಾ?

ಬಾಯಲ್ಲಿ ಹೇಳಿ ಸಾಕು. ಕೊನೇ ಸ್ಲೈಡೇ ಅತಿ ಹೆಚ್ಚು ಹೊತ್ತು ಪರದೆ ಮೇಲೆ ನಿಲ್ಲೋದು, ಅರ್ಧ ಗಂಟೆ ಚರ್ಚೆ ನಡೆದರೂ ಎಲ್ಲರ ಕಣ್ಣೂ ಅದರ ಮೇಲೇ ಇರುತ್ತದೆ. ಅಲ್ಲಿ ಠರಾವು ಇರಲಿ, ಗುಲಾಬಿ ಬೇಡ.