ಆಸಿಡ್, ಸಾಲ್ವೆಂಟ್ ಎರಡೂ ಇದ್ದಾಗ ರಿಸ್ಕ್ ಅಸೆಸ್‌ಮೆಂಟ್ ಬರೆಯುವುದು

ಪ್ರಶ್ನೆ: ಮೈಸೂರಿನಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಓದ್ತಿದ್ದೀನಿ. ಎಥನಾಲ್, ಅಸಿಟಿಕ್ ಆಸಿಡ್, ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಆಸಿಡ್‌ನಿಂದ ಎಥೈಲ್ ಅಸಿಟೇಟ್ ಮಾಡಬೇಕು. ರಿಸ್ಕ್ ಅಸೆಸ್‌ಮೆಂಟ್ ಪ್ಯಾರಾ ಹೇಗೆ ಬರೆಯೋದು?

ಉತ್ತರ: "ಆಸಿಡ್ ಅಪಾಯ, ಗ್ಲೌಸ್ ಹಾಕಬೇಕು" ಅಂತ ಸುಮ್ನೆ ಬರೆದರೆ ಯಾವ ಪ್ರಯೋಗಕ್ಕೂ ಹೊಂದುತ್ತದೆ ಅಲ್ವಾ? ಯಾವ ಹಂತದಲ್ಲಿ ಏನು ಕೆಡಬಹುದು ಅಂತ ಬರೆಯಿರಿ.

ಇಲ್ಲಿ ಎರಡು ಅಪಾಯ ಒಂದಕ್ಕೊಂದು ಕೈಜೋಡಿಸುತ್ತವೆ. ಸಲ್ಫ್ಯೂರಿಕ್ ಆಸಿಡ್ ಸೇರಿಸಿದಾಗ ಬಿಸಿ ಹುಟ್ಟುತ್ತದೆ, ಆ ಬಿಸಿಗೆ ಎಥನಾಲ್ ಆವಿ ಏಳುತ್ತದೆ. ಎಥನಾಲ್‌ನ ಫ್ಲ್ಯಾಶ್ ಪಾಯಿಂಟ್ ಸುಮಾರು 13 ಡಿಗ್ರಿ. ಮೈಸೂರಿನ ಲ್ಯಾಬ್ ಹಗಲಲ್ಲಿ ಅದಕ್ಕಿಂತ ಬೆಚ್ಚಗೇ ಇರುತ್ತದೆ. ಅಂದರೆ ಕಾಯಿಸುವ ಮುಂಚೆಯೇ ಆವಿ ಹೊತ್ತಿಕೊಳ್ಳಲು ತಯಾರು. ಅದು ಗಾಳಿಗಿಂತ ಭಾರ, ಟೇಬಲ್ ಮೇಲೆ ಹರಿದು ಪಕ್ಕದವರ ಬರ್ನರ್ ಮುಟ್ಟಬಹುದು.

ನಿಮ್ಮ ಪ್ಯಾರಾ ಹೀಗಿರಲಿ:

"10 ಮಿ.ಲೀ. ಎಥನಾಲ್, 10 ಮಿ.ಲೀ. ಅಸಿಟಿಕ್ ಆಸಿಡ್ ಮಿಶ್ರಣವನ್ನು ತಣ್ಣೀರಲ್ಲಿಟ್ಟು, 1 ಮಿ.ಲೀ. ಸಲ್ಫ್ಯೂರಿಕ್ ಆಸಿಡ್ ಅನ್ನು ಹನಿಹನಿಯಾಗಿ, ಅಲುಗಾಡಿಸುತ್ತಾ ಸೇರಿಸುತ್ತೇನೆ. ಒಮ್ಮೆಗೇ ಸುರಿದರೆ ಕುದಿದು ಸಿಡಿಯಬಹುದು. ಕೆಲಸ ಫ್ಯೂಮ್ ಹುಡ್ ಒಳಗೆ. ಹತ್ತಿರ ಬೆಂಕಿ ಇಲ್ಲ, ಕಾಯಿಸಲು ಎಲೆಕ್ಟ್ರಿಕ್ ವಾಟರ್ ಬಾತ್. ಕನ್ನಡಕ, ಕೋಟ್ ಇರುತ್ತದೆ. ಗ್ಲೌಸ್ ಮೇಲೆ ಆಸಿಡ್ ಬಿದ್ದರೆ ತಕ್ಷಣ ತೆಗೆದು, ಕೈಯನ್ನು ಜಾಸ್ತಿ ನೀರಲ್ಲಿ ತೊಳೆಯುತ್ತೇನೆ."

ಬಹಳ ಜನ ಬಿಡುವ ಹಂತ ಬೈಕಾರ್ಬೊನೇಟ್ ತೊಳೆತ. ಉಳಿದ ಆಸಿಡ್ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಸೆಪರೇಟಿಂಗ್ ಫನೆಲ್ ಮುಚ್ಚಿ ಅಲುಗಾಡಿಸಿದರೆ ಸ್ಟಾಪರ್ ಹಾರಿ, ಎಸ್ಟರ್ ಮುಖಕ್ಕೆ ಸಿಡಿಯುತ್ತದೆ. "ನೊರೆ ನಿಂತ ಮೇಲೆ ಮುಚ್ಚಿ, ಪದೇ ಪದೇ ಗ್ಯಾಸ್ ಬಿಡುತ್ತೇನೆ" ಅಂತ ಸೇರಿಸಿ.