ಪತ್ರಾಸ್ ಕೆಳಗಿನ ಥರ್ಮಾಕೋಲಿನಲ್ಲಿ ಇಲಿ, ಗುಬ್ಬಿ, ಇರುವೆ

ಪ್ರಶ್ನೆ: ವಿಜಯಪುರದಲ್ಲಿ ನಮ್ಮ ಪತ್ರಾಸ್ ರೂಮಿಗೆ ಬಿಸಿಲು ತಡೆಯಲು ಥರ್ಮಾಕೋಲ್ ಹಾಕಿಸಿದ್ವಿ. ಈಗ ಅದರಲ್ಲಿ ಇಲಿ, ಗುಬ್ಬಿ, ಇರುವೆ ಸೇರಿಕೊಂಡಿವೆ. ಏನು ಮಾಡೋದು?

ಉತ್ತರ: ಥರ್ಮಾಕೋಲ್ ಅವಕ್ಕೆ ಊಟವಲ್ಲ, ಮೆತ್ತಗಿದೆ ಅಂತ ಕೊರೆದು ಮನೆ ಮಾಡಿಕೊಳ್ಳುತ್ತವೆ. ಹಾಗಾಗಿ ಅದನ್ನು ಬದಲಿಸಿ ಪ್ರಯೋಜನವಿಲ್ಲ, ದಾರಿ ಮುಚ್ಚಬೇಕು. ಪತ್ರಾಸ್ ಗೋಡೆ ಮೇಲೆ ಕೂರುವ ಅಂಚು ನೋಡಿ, ಪ್ರತಿ ಉಬ್ಬಿನ ಕೆಳಗೂ ಒಂದು ಕಿಂಡಿ ಉಳಿದಿರುತ್ತದೆ. ಸಣ್ಣ ಇಲಿಗೆ ಪೆನ್ಸಿಲ್ ತೂರುವಷ್ಟು ಜಾಗ ಸಾಕು.

ಬರೀ ಸ್ಪ್ರೇ ಫೋಮ್ ತುಂಬಿದರೆ ಇಲಿ ಅದನ್ನೂ ಕಡಿಯುತ್ತದೆ. 6 ಮಿ.ಮೀ. ಕಣ್ಣಿನ ಗ್ಯಾಲ್ವನೈಸ್ಡ್ ವೆಲ್ಡ್ ಜಾಲರಿಯನ್ನು ಉಬ್ಬಿನ ಆಕಾರಕ್ಕೆ ಕತ್ತರಿಸಿ, ಮಡಚಿ, ಗೋಡೆಗೂ ಪತ್ರಾಸಿಗೂ ಸ್ಕ್ರೂ ಹಾಕಿಸಿ. ಪ್ಲಾಸ್ಟಿಕ್ ಸೊಳ್ಳೆ ಜಾಲರಿ ಬೇಡ, ಒಂದೇ ರಾತ್ರಿಯಲ್ಲಿ ಹರಿದುಬಿಡುತ್ತದೆ. ಗಾಳಿ ಕಿಂಡಿಗೂ ಇದೇ ಜಾಲರಿ ಹಾಕಿ, ಸಿಮೆಂಟ್ ಮೆತ್ತಬೇಡಿ, ಇಲ್ಲದಿದ್ದರೆ ನಮ್ಮ ಬೇಸಿಗೆಯಲ್ಲಿ ರೂಮು ಇನ್ನೂ ಜಾಸ್ತಿ ಕಾಯುತ್ತದೆ.

ಮುಚ್ಚುವ ಮೊದಲು ಒಳಗಿರುವವು ಹೊರಬರಬೇಕು, ಅಲ್ವಾ? ಗುಬ್ಬಿ ಮರಿಗಳಿದ್ದರೆ ಅವು ಹಾರುವವರೆಗೆ ಆ ಒಂದು ಕಿಂಡಿ ಬಿಡಿ. ಇಲಿಗೆ ಬೋನು ಇಡಿ. ವಿಷ ಹಾಕಿದರೆ ಥರ್ಮಾಕೋಲ್ ಒಳಗೇ ಸತ್ತು ನಾರುತ್ತದೆ, ಆಮೇಲೆ ಸೀಲಿಂಗ್ ಬಿಚ್ಚೋದೇ ಗತಿ. ಕಿಂಡಿ ಹತ್ತಿರ ಸಂಜೆ ಸ್ವಲ್ಪ ಹಿಟ್ಟು ಉದುರಿಸಿ. ಸತತ ಕೆಲವು ದಿನ ಹೆಜ್ಜೆ ಗುರುತು ಕಾಣದಿದ್ದರೆ ಕೊನೆಯ ಕಿಂಡಿ ಮುಚ್ಚಿಸಿ.

ಇರುವೆಯನ್ನು ಈ ಜಾಲರಿ ತಡೆಯುವುದಿಲ್ಲ. ನೆಲದ ಮೇಲೆ ಬಿಳಿ ಪುಡಿ ಬೀಳುತ್ತಿದ್ದರೆ ಅದರ ನೇರ ಮೇಲಿನ ತುಂಡು ತೆಗೆದು ಬದಲಿಸಿ, ಸಂದುಗಳಿಗೆ ಸಿಲಿಕಾನ್ ತುಂಬಿ.